ಮೂರು ಪರ್ಸೆಂಟ್ ಸರಿ, ಯಾವ ರೂಪಾಯಿಗೆ? ಬ್ರೋಕರ್ ಕಮಿಷನ್‌ನ ಸ್ಲ್ಯಾಬ್ ಲೆಕ್ಕ

ಹಳೇ ಮನೆಯನ್ನೋ ಸೈಟನ್ನೋ ಮಾರಿಸಿಕೊಡುವ ಬ್ರೋಕರ್‌ಗೆ ಲೆಕ್ಕದ ತಲೆನೋವು ಹೆಚ್ಚಿಲ್ಲ. ಮಾರುವವರು ಇಷ್ಟು ಪರ್ಸೆಂಟ್, ಕೊಳ್ಳುವವರು ಇಷ್ಟು ಪರ್ಸೆಂಟ್ ಎಂದು ಮೊದಲೇ ಮಾತಾಗಿರುತ್ತದೆ. ರಿಜಿಸ್ಟ್ರೇಷನ್ ಮುಗಿದ ದಿನವೇ ಹಣ ಕೈಸೇರುತ್ತದೆ, ಅಲ್ಲಿಗೆ ಆ ವ್ಯವಹಾರ ಮುಗಿಯಿತು. ಬಿಲ್ಡರ್‌ನ ಹೊಸ ಅಪಾರ್ಟ್‌ಮೆಂಟಿಗೆ ಗಿರಾಕಿ ತರುವ ಬ್ರೋಕರ್‌ನ ಕತೆ ಬೇರೆ. ಅವನಿಗೆ ಬಿಲ್ಡರ್ ಕಚೇರಿಯವರು ಇಟ್ಟಿರುವ ಹೆಸರು ಚಾನೆಲ್ ಪಾರ್ಟ್‌ನರ್. ಅವನ ಕಮಿಷನ್ ಒಂದೇ ದರದಲ್ಲಿ ನಿಲ್ಲುವುದಿಲ್ಲ. ಹೆಚ್ಚು ಮಾರಿದಂತೆ ದರವೂ ಏರುತ್ತದೆ. ಇದನ್ನೇ ಸ್ಲ್ಯಾಬ್ ಅನ್ನುತ್ತಾರೆ. ಈ ಏರುವ ದರ ನೋಡುವುದಕ್ಕೆ ಚೆನ್ನಾಗಿರುತ್ತದೆ, ಜಗಳ ಹುಟ್ಟುವುದೂ ಅಲ್ಲೇ.

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟ್ ಪ್ರಾಜೆಕ್ಟನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಿಲ್ಡರ್ ಕಡೆಯಿಂದ ವಾಟ್ಸಾಪ್‌ನಲ್ಲಿ ಬರುವ ದರಪಟ್ಟಿಯಲ್ಲಿ ಮೂರೇ ಸಾಲು. ಮೂರು ತಿಂಗಳ ಅವಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಮಾರಾಟಕ್ಕೆ ಶೇ. 2, 2ರಿಂದ 4 ಕೋಟಿಗೆ ಶೇ. 2.5, 4 ಕೋಟಿ ಮೇಲ್ಪಟ್ಟರೆ ಶೇ. 3. ಇದು ನಾನು ಲೆಕ್ಕಕ್ಕೆಂದು ಮಾಡಿಕೊಂಡ ಪಟ್ಟಿ. ಅಂಕಿಗಳು ಬಿಲ್ಡರ್‌ನಿಂದ ಬಿಲ್ಡರ್‌ಗೆ ಬೇರೆಯಾದರೂ ರಚನೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಈ ಬ್ರೋಕರ್ ಏಪ್ರಿಲ್‌ನಿಂದ ಜೂನ್ ಒಳಗೆ ಐದು ಫ್ಲ್ಯಾಟ್ ಮಾರಿಸಿದ ಅಂದುಕೊಳ್ಳಿ. ಮೊದಲನೆಯದು 72 ಲಕ್ಷ, ಎರಡನೆಯದು 85 ಲಕ್ಷ, ಮೂರನೆಯದು 68 ಲಕ್ಷ, ನಾಲ್ಕನೆಯದು 95 ಲಕ್ಷ, ಐದನೆಯದು 1 ಕೋಟಿ 10 ಲಕ್ಷ. ಒಟ್ಟು 4 ಕೋಟಿ 30 ಲಕ್ಷ. ನಾಲ್ಕು ಕೋಟಿ ದಾಟಿತಲ್ಲ, ಒಟ್ಟು ಮೊತ್ತಕ್ಕೆ ಮೂರು ಪರ್ಸೆಂಟ್ ಹಾಕಿ 12 ಲಕ್ಷ 90 ಸಾವಿರ ಬರುತ್ತದೆಂದು ಬ್ರೋಕರ್ ಮನಸ್ಸಿನಲ್ಲೇ ಲೆಕ್ಕ ಮುಗಿಸಿರುತ್ತಾನೆ. ಬಿಲ್ಡರ್ ಕಚೇರಿಯಿಂದ ಬರುವ ಸ್ಟೇಟ್‌ಮೆಂಟ್‌ನಲ್ಲಿ 9 ಲಕ್ಷ 90 ಸಾವಿರ ಇರುತ್ತದೆ. ಫೋನಿನಲ್ಲಿ ಮಾತು ಹೀಗೆ ಸಾಗುತ್ತದೆ:

"ಸಾರ್, ಮೂರು ಪರ್ಸೆಂಟ್ ಅಂದಿದ್ರಲ್ಲ?"

"ಕೊಟ್ಟಿದೀವಲ್ಲ ಸಾರ್. ನಾಲ್ಕು ಕೋಟಿ ಮೇಲಿಂದಕ್ಕೆ ಮೂರು ಪರ್ಸೆಂಟ್ ಹಾಕಿದೀವಿ, ನೋಡಿ."

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಮೂರು ಸಾಲಿನ ಪಟ್ಟಿಯನ್ನು ಎರಡು ರೀತಿಯಲ್ಲಿ ಓದಬಹುದು, ಎರಡಕ್ಕೂ ಪಟ್ಟಿಯ ಮಾತು ಹೊಂದುತ್ತದೆ. ವ್ಯತ್ಯಾಸ ಮಾತ್ರ ಮೂರು ಲಕ್ಷ ರೂಪಾಯಿ.

ಬಿಲ್ಡರ್ ಓದಿದ ಕ್ರಮದಲ್ಲಿ ಪ್ರತಿ ದರವೂ ತನ್ನ ಹಂತದೊಳಗಿನ ಹಣಕ್ಕೆ ಮಾತ್ರ ಸೇರಿದ್ದು. ಆದಾಯ ತೆರಿಗೆಯ ಹಂತಗಳಿಗೂ ಇದೇ ನಿಯಮ. ಐದೂ ಮಾರಾಟವನ್ನು ಸಾಲಾಗಿ ಇಟ್ಟು ನೋಡಿದರೆ ಇದು ಹೇಗೆ ನಡೆಯುತ್ತದೆಂದು ಗೊತ್ತಾಗುತ್ತದೆ. ಮೊದಲ ಫ್ಲ್ಯಾಟಿನ 72 ಲಕ್ಷಕ್ಕೆ ಶೇ. 2ರಂತೆ 1,44,000 ರೂಪಾಯಿ. ಎರಡನೆಯದಕ್ಕೆ 1,70,000. ಅಲ್ಲಿಗೆ ಒಟ್ಟು ಮಾರಾಟ 1 ಕೋಟಿ 57 ಲಕ್ಷ. ಎರಡು ಕೋಟಿ ಮುಟ್ಟಲು ಇನ್ನು 43 ಲಕ್ಷ ಬೇಕು. ಮೂರನೇ ಫ್ಲ್ಯಾಟು 68 ಲಕ್ಷದ್ದು, ಹಾಗಾಗಿ ಅದು ಇಬ್ಭಾಗವಾಗುತ್ತದೆ: 43 ಲಕ್ಷಕ್ಕೆ ಶೇ. 2ರಂತೆ 86,000, ಉಳಿದ 25 ಲಕ್ಷಕ್ಕೆ ಶೇ. 2.5ರಂತೆ 62,500, ಕೂಡಿದರೆ 1,48,500. ನಾಲ್ಕನೆಯದು ಪೂರ್ತಿ ಎರಡನೇ ಹಂತದಲ್ಲೇ ಬೀಳುವುದರಿಂದ 2,37,500. ಐದನೆಯದು ಮತ್ತೆ ಇಬ್ಭಾಗ. ನಾಲ್ಕು ಕೋಟಿಗೆ ಉಳಿದಿದ್ದ 80 ಲಕ್ಷಕ್ಕೆ ಶೇ. 2.5ರಂತೆ 2,00,000, ದಾಟಿದ 30 ಲಕ್ಷಕ್ಕೆ ಶೇ. 3ರಂತೆ 90,000. ಎಲ್ಲ ಸೇರಿ 9,90,000.

ಬ್ರೋಕರ್ ಓದಿದ ಕ್ರಮದಲ್ಲಿ ಹಂತ ದಾಟಿದ ಕೂಡಲೇ ಹೊಸ ದರ ಹಿಂದಕ್ಕೂ ಅನ್ವಯಿಸುತ್ತದೆ, ಮೊದಲ ರೂಪಾಯಿಂದ. ಇದೂ ಚಾಲ್ತಿಯಲ್ಲಿರುವ ಪದ್ಧತಿಯೇ. ಹೊಸ ಪ್ರಾಜೆಕ್ಟ್ ಶುರುವಾದಾಗ ಬ್ರೋಕರ್‌ಗಳನ್ನು ಸೆಳೆಯಲು ಬಿಲ್ಡರ್‌ಗಳು ಇದನ್ನು ಕೊಡುವುದುಂಟು. ಇವೆರಡರ ನಡುವೆ ಮೂರನೆಯದೊಂದಿದೆ. ಹಂತ ದಾಟಿಸಿದ ಮಾರಾಟವನ್ನು ಒಡೆಯದೆ ಇಡಿಯಾಗಿ ಹೊಸ ದರಕ್ಕೆ ಸೇರಿಸುತ್ತಾರೆ, ಹಿಂದಿನವನ್ನು ಮುಟ್ಟುವುದಿಲ್ಲ. ಹಾಗೆ ಮಾಡಿದರೆ ಮೂರನೇ ಫ್ಲ್ಯಾಟಿಗೆ 1,70,000, ಐದನೆಯದಕ್ಕೆ 3,30,000 ಆಗಿ ಒಟ್ಟು 10,51,500 ಬರುತ್ತದೆ. ಅದೇ ಐದು ಫ್ಲ್ಯಾಟು, ಅದೇ ದರಪಟ್ಟಿ, ಮೂರು ಮೊತ್ತ.

ಹಾಗಾಗಿ ದರ ಎಷ್ಟು ಎಂದು ಕೇಳುವುದಕ್ಕಿಂತ ದರ ಯಾವ ರೂಪಾಯಿಗೆ ಎಂದು ಕೇಳುವುದು ಮುಖ್ಯ. ಒಪ್ಪಂದದಲ್ಲಿ "4 ಕೋಟಿ ಮೇಲ್ಪಟ್ಟರೆ ಶೇ. 3" ಎಂದು ಬರೆದರೆ ಅದು ಅರ್ಧ ವಾಕ್ಯ. "4 ಕೋಟಿ ದಾಟಿದ ಭಾಗಕ್ಕೆ ಮಾತ್ರ ಶೇ. 3" ಅಥವಾ "4 ಕೋಟಿ ದಾಟಿದಲ್ಲಿ ಆ ಅವಧಿಯ ಒಟ್ಟು ಮಾರಾಟಕ್ಕೆ ಶೇ. 3" ಎಂದಿದ್ದರೆ ಪೂರ್ತಿಯಾಗುತ್ತದೆ. ಅದರ ಕೆಳಗೇ ಎರಡು ಮೂರು ಮಾರಾಟದ ಮಾದರಿ ಲೆಕ್ಕವನ್ನು ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಮಾತಿಗೆ ಎರಡು ಅರ್ಥ ಬಂದೀತು, ಹಾಕಿಟ್ಟ ಲೆಕ್ಕಕ್ಕೆ ಬರಲಾರದು.

ದಾಟಿದ ಭಾಗಕ್ಕೆ ಮಾತ್ರ ಎಂಬ ಪದ್ಧತಿಯಿದ್ದರೆ ಪ್ರತಿ ಮಾರಾಟವನ್ನೂ ಒಡೆದು ಕೂಡಬೇಕಾಗಿಲ್ಲ, ಒಂದು ಅಡ್ಡದಾರಿಯಿದೆ. ಒಟ್ಟು ಮಾರಾಟಕ್ಕೆ ಮೇಲಿನ ದರವನ್ನೇ ಹಾಕಿ, ಅದರಿಂದ ಒಂದು ಗೊತ್ತಾದ ಮೊತ್ತವನ್ನು ಕಳೆಯುವುದು. ನಮ್ಮ ಪಟ್ಟಿಯಲ್ಲಿ ಎರಡನೇ ಹಂತಕ್ಕೆ ಕಳೆಯಬೇಕಾದ್ದು 1 ಲಕ್ಷ. ಮೊದಲ 2 ಕೋಟಿಗೆ ಅರ್ಧ ಪರ್ಸೆಂಟ್ ಹೆಚ್ಚಿಗೆ ಹಾಕಿಬಿಟ್ಟಿರುತ್ತೇವಲ್ಲ, ಅದು. ಮೂರನೇ ಹಂತಕ್ಕೆ ಕಳೆಯಬೇಕಾದ್ದು 3 ಲಕ್ಷ: ಮೊದಲ 2 ಕೋಟಿಗೆ ಒಂದು ಪರ್ಸೆಂಟ್ ಹೆಚ್ಚಾಗಿ 2 ಲಕ್ಷ, ನಂತರದ 2 ಕೋಟಿಗೆ ಅರ್ಧ ಪರ್ಸೆಂಟ್ ಹೆಚ್ಚಾಗಿ 1 ಲಕ್ಷ. 4 ಕೋಟಿ 30 ಲಕ್ಷಕ್ಕೆ ಶೇ. 3 ಅಂದರೆ 12,90,000, ಅದರಲ್ಲಿ 3 ಲಕ್ಷ ಕಳೆದರೆ 9,90,000. ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಎಕ್ಸೆಲ್‌ನಲ್ಲಿ ಇಡುವವರು ಒಟ್ಟು ಮಾರಾಟವನ್ನು A1 ಎಂಬ ಚೌಕದಲ್ಲಿ ಹಾಕಿ ಹೀಗೆ ಬರೆದುಕೊಳ್ಳಬಹುದು:

```
=MAX(A1*2%, A1*2.5%-100000, A1*3%-300000)
```

ದರ ಮೇಲೇರುತ್ತಲೇ ಹೋಗುವ ಪಟ್ಟಿಯಲ್ಲಿ ಈ ಮೂರರಲ್ಲಿ ದೊಡ್ಡದು ಯಾವುದೋ ಅದೇ ಸರಿಯಾದ ಉತ್ತರ. ಮಾರಾಟ ಎರಡು ಕೋಟಿ ಒಳಗಿರಲಿ, ನಾಲ್ಕು ದಾಟಲಿ, ಸೂತ್ರ ಬದಲಿಸಬೇಕಿಲ್ಲ.

ಮೊದಲ ರೂಪಾಯಿಂದ ದರ ಏರುವ ಪದ್ಧತಿ ಬ್ರೋಕರ್‌ಗೆ ಲಾಭದ್ದೆಂದು ಕಂಡರೂ ಅದಕ್ಕೊಂದು ಅಂಚಿದೆ. 3 ಕೋಟಿ 98 ಲಕ್ಷ ಮಾರಿದವನಿಗೆ ಶೇ. 2.5ರಂತೆ 9,95,000. 4 ಕೋಟಿ 2 ಲಕ್ಷ ಮಾರಿದವನಿಗೆ ಶೇ. 3ರಂತೆ 12,06,000. ನಾಲ್ಕು ಲಕ್ಷದ ಹೆಚ್ಚುವರಿ ಮಾರಾಟಕ್ಕೆ ಎರಡು ಲಕ್ಷ ಹನ್ನೊಂದು ಸಾವಿರದ ಹೆಚ್ಚುವರಿ ಕಮಿಷನ್! ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ ಕೊನೆಯ ವಾರ ಬ್ರೋಕರ್ ಫೋನುಗಳು ಜೋರಾಗುವುದು ಸುಮ್ಮನೆ ಅಲ್ಲ. ಆಗ "ನನ್ನ ಕಮಿಷನ್‌ನಲ್ಲೇ ಒಂದು ಲಕ್ಷ ಬಿಟ್ಟುಕೊಡ್ತೀನಿ, ಈ ವಾರ ಬುಕ್ ಮಾಡಿ" ಎಂಬ ಮಾತೂ ಬರುತ್ತದೆ. ಮನೆ ಕೊಳ್ಳುವವರು ಅರಿತಿರಬೇಕಾದ್ದು ಇಷ್ಟೆ: ಆ ಒಂದು ಲಕ್ಷ ಅವನ ಕೈಯಲ್ಲಿ ಇನ್ನೂ ಇಲ್ಲ. ಅವನು ಹಂತ ದಾಟಿದರೆ, ಬಿಲ್ಡರ್ ಪಾವತಿ ಮಾಡಿದರೆ, ಆಮೇಲೆ ಬರಬೇಕಾದ್ದು. ರಿಯಾಯಿತಿ ಬೇಕಿದ್ದರೆ ಬಿಲ್ಡರ್‌ನ ಬೆಲೆಪಟ್ಟಿಯಲ್ಲೇ ಇಳಿಸಿ ಬರೆಸಿಕೊಳ್ಳುವುದು ಲೇಸು.

ಇನ್ನು, 72 ಲಕ್ಷ ಎಂದೆವಲ್ಲ, ಅದು ಯಾವ 72 ಲಕ್ಷ? 1,200 ಚದರಡಿ ಫ್ಲ್ಯಾಟು, ಚದರಡಿಗೆ 6,000 ರೂಪಾಯಿ, ಮೂಲ ಬೆಲೆ 72 ಲಕ್ಷ. ಆದರೆ ಕೊಳ್ಳುವವರ ಜೇಬಿನಿಂದ ಹೋಗುವುದು ಅಷ್ಟೇ ಅಲ್ಲ. ಕಟ್ಟುತ್ತಿರುವ, ಕೈಗೆಟಕುವ ವಸತಿಯ ಮಿತಿಗೆ ಬರದ ಮನೆಗೆ ಶೇ. 5 ಜಿಎಸ್‌ಟಿ, ಅಂದರೆ 3,60,000. ಅದರ ಮೇಲೆ ಕಾರ್ ಪಾರ್ಕಿಂಗ್, ಕ್ಲಬ್ ಹೌಸ್, ವಿದ್ಯುತ್ ಮತ್ತು ನೀರಿನ ಸಂಪರ್ಕದ ಶುಲ್ಕ, ನಿರ್ವಹಣೆಯ ಮುಂಗಡ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ಗಿರಾಕಿ "ನಂಗೆ ಎಂಬತ್ತೈದು ಬಿತ್ತು" ಅನ್ನುತ್ತಾರೆ, ಬ್ರೋಕರ್ ಆ ಎಂಬತ್ತೈದಕ್ಕೆ ಲೆಕ್ಕ ಹಾಕಿಕೊಂಡಿರುತ್ತಾನೆ. ಬಿಲ್ಡರ್ ಕಮಿಷನ್ ಕೊಡುವುದು ಸಾಮಾನ್ಯವಾಗಿ ಮೂಲ ಬೆಲೆಗೆ. ತೆರಿಗೆ, ಠೇವಣಿ, ಸರ್ಕಾರಿ ಶುಲ್ಕಗಳಿಗೆ ಕಮಿಷನ್ ಇರುವುದಿಲ್ಲ, ಇರಬೇಕಾದ ಕಾರಣವೂ ಇಲ್ಲ. ತಕರಾರು ಬರುವುದು ಪಾರ್ಕಿಂಗ್ ಮತ್ತು ಮೇಲಿನ ಮಹಡಿಯ ಹೆಚ್ಚುವರಿ ದರದಂಥ ಬಾಬ್ತುಗಳಲ್ಲಿ. ಇವು ಬಿಲ್ಡರ್‌ನ ಆದಾಯವೇ ಆದ್ದರಿಂದ ಕೇಳಿ ಪಡೆಯುವ ಅವಕಾಶವಿದೆ. ಸ್ಲ್ಯಾಬ್ ಪದ್ಧತಿಯಲ್ಲಿ ಇದಕ್ಕೆ ಇಮ್ಮಡಿ ತೂಕ, ಯಾಕೆಂದರೆ ಈ ಮೊತ್ತ ಸೇರಿದರೆ ಕಮಿಷನ್ ಹೆಚ್ಚುವುದಷ್ಟೇ ಅಲ್ಲ, ಮುಂದಿನ ಹಂತವೂ ಬೇಗ ಬರುತ್ತದೆ.

ಯಾವ ಬೆಲೆ ಎಂಬುದರ ಬೆನ್ನಿಗೇ ಬರುವುದು ಯಾವ ದಿನ ಎಂಬ ಪ್ರಶ್ನೆ. ಟೋಕನ್ ಕೊಟ್ಟ ದಿನವೋ, ಬೆಲೆಯ ಶೇ. 10 ಕಟ್ಟಿದ ದಿನವೋ, ಸೇಲ್ ಅಗ್ರಿಮೆಂಟ್ ನೋಂದಣಿಯಾದ ದಿನವೋ? 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಲಿಖಿತ ಸೇಲ್ ಅಗ್ರಿಮೆಂಟ್ ಮಾಡಿ ನೋಂದಾಯಿಸದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಹಾಗಾಗಿ ಬಹಳಷ್ಟು ಬಿಲ್ಡರ್‌ಗಳು ಶೇ. 10 ಬಂದು ಅಗ್ರಿಮೆಂಟ್ ಆಗುವವರೆಗೆ ಮಾರಾಟವನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ನಮ್ಮ ಐದನೇ ಗಿರಾಕಿ ಜೂನ್ 20ಕ್ಕೆ ಟೋಕನ್ ಕೊಟ್ಟು, ಬ್ಯಾಂಕ್ ಸಾಲ ಮಂಜೂರಾಗಲು ತಡವಾಗಿ ಜುಲೈ 8ಕ್ಕೆ ಅಗ್ರಿಮೆಂಟ್ ಮಾಡಿಕೊಂಡರು ಅಂದುಕೊಳ್ಳಿ. ಆ 1 ಕೋಟಿ 10 ಲಕ್ಷ ಹೊಸ ಅವಧಿಗೆ ಹೋಗಿ ಮತ್ತೆ ಶೇ. 2ರಿಂದ ಶುರುವಾಗುತ್ತದೆ. 2,90,000 ಬರಬೇಕಿದ್ದಲ್ಲಿ ಬರುವುದು 2,20,000. ಹದಿನೆಂಟು ದಿನದ ತಡಕ್ಕೆ ಎಪ್ಪತ್ತು ಸಾವಿರ. ಮೊದಲ ರೂಪಾಯಿಂದ ಏರುವ ಪದ್ಧತಿಯಾಗಿದ್ದರೆ ನಷ್ಟ ಇನ್ನೂ ದೊಡ್ಡದು. ಜೂನ್‌ವರೆಗಿನ 3 ಕೋಟಿ 20 ಲಕ್ಷವೂ ಶೇ. 2.5ಕ್ಕೇ ನಿಲ್ಲುವುದರಿಂದ ಎರಡೂ ಅವಧಿ ಸೇರಿ 10,20,000 ಬರುತ್ತದೆ, 2,70,000 ಕೈತಪ್ಪುತ್ತದೆ.

ಇದಕ್ಕೆ ಮದ್ದು ಒಪ್ಪಂದದಲ್ಲಿದೆ. ಹಂತದ ಎಣಿಕೆಗೆ ಟೋಕನ್ ದಿನ, ಹಣ ಪಾವತಿಗೆ ಅಗ್ರಿಮೆಂಟ್ ದಿನ ಎಂದು ಎರಡನ್ನೂ ಬೇರೆ ಬೇರೆ ಬರೆಸಬಹುದು. ಅಗ್ರಿಮೆಂಟ್ ಆಗದಿದ್ದರೆ ಎಣಿಕೆಯಿಂದ ತೆಗೆಯಬಹುದೆಂಬ ಷರತ್ತಿನ ಮೇಲೆ ಬಿಲ್ಡರ್‌ಗಳು ಇದಕ್ಕೆ ಒಪ್ಪುವುದುಂಟು. ಕೆಲವರು ಮೂರು ತಿಂಗಳ ಬದಲು ಇಡೀ ಹಣಕಾಸು ವರ್ಷವನ್ನು ಅವಧಿಯಾಗಿ ಕೇಳುತ್ತಾರೆ. ಆಗ ಹಂತದ ಮಿತಿಗಳನ್ನು ಬಿಲ್ಡರ್ ಕೂಡ ಏರಿಸುತ್ತಾನೆ, ಆದರೆ ತಿಂಗಳ ಕೊನೆಯ ಧಾವಂತ ತಪ್ಪುತ್ತದೆ. ವರ್ಷದ ಉದ್ದಕ್ಕೂ ನಿಧಾನವಾಗಿ ಮಾರುವ ಬ್ರೋಕರ್‌ಗೆ ಇದೇ ವಾಸಿ ಎಂದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಕಡಿಮೆ ಜನ ಯೋಚಿಸುವ, ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಕ್ಯಾನ್ಸಲೇಷನ್. ಎರಡನೇ ಗಿರಾಕಿ, 85 ಲಕ್ಷದವರು, ಆಗಸ್ಟ್‌ನಲ್ಲಿ ಬುಕಿಂಗ್ ರದ್ದು ಮಾಡಿದರು. ಆ ಫ್ಲ್ಯಾಟಿಗೆ ಬ್ರೋಕರ್‌ಗೆ ಸಂದಿದ್ದು 1,70,000. ಅಷ್ಟನ್ನು ಹಿಂದಿರುಗಿಸಿದರೆ ಮುಗಿಯಿತೆಂದು ಅವನು ಅಂದುಕೊಳ್ಳುತ್ತಾನೆ. ಬಿಲ್ಡರ್ ಕಚೇರಿ 2,27,500 ಕಡಿತ ಮಾಡುತ್ತದೆ. ಎಲ್ಲಿಂದ ಬಂತು ಈ ಹೆಚ್ಚುವರಿ 57,500?

ಸ್ಲ್ಯಾಬ್ ಪದ್ಧತಿಯಲ್ಲಿ ಕಮಿಷನ್ ಯಾವ ಒಂದು ಫ್ಲ್ಯಾಟಿಗೂ ಅಂಟಿಕೊಂಡಿರುವುದಿಲ್ಲ, ಅದು ಒಟ್ಟು ಮೊತ್ತಕ್ಕೆ ಸೇರಿದ್ದು. 4 ಕೋಟಿ 30 ಲಕ್ಷದಲ್ಲಿ 85 ಲಕ್ಷ ಹೋದರೆ ಉಳಿಯುವುದು 3 ಕೋಟಿ 45 ಲಕ್ಷ. ಅದಕ್ಕೆ ಹೊಸದಾಗಿ ಲೆಕ್ಕ ಹಾಕಿದರೆ 7,62,500 ಬರುತ್ತದೆ. ಕೊಟ್ಟಿದ್ದು 9,90,000. ವ್ಯತ್ಯಾಸ 2,27,500. ಅಂದರೆ ರದ್ದಾದದ್ದು ಎರಡನೇ ಫ್ಲ್ಯಾಟಾದರೂ ಲೆಕ್ಕದಲ್ಲಿ ಕಳಚುವುದು ಮೇಲಿನ 85 ಲಕ್ಷ: ಶೇ. 3ರ 30 ಲಕ್ಷ, ಶೇ. 2.5ರ 55 ಲಕ್ಷ. ಬಿಲ್ಡರ್ ಲೆಕ್ಕ ಇಲ್ಲಿ ತಪ್ಪಲ್ಲ. ಮೊದಲ ರೂಪಾಯಿಂದ ಏರುವ ಪದ್ಧತಿಯಲ್ಲಿ ಹೊಡೆತ ಇನ್ನೂ ಜೋರು. 3 ಕೋಟಿ 45 ಲಕ್ಷಕ್ಕೆ ಶೇ. 2.5 ಅಂದರೆ 8,62,500, ಹಿಂದಿರುಗಿಸಬೇಕಾದ್ದು 4,27,500. ಒಂದು ಫ್ಲ್ಯಾಟಿನ ರದ್ದತಿಗೆ ಎರಡು ಫ್ಲ್ಯಾಟಿನ ಕಮಿಷನ್ ಹೋದಂತೆ. ಆ ಪದ್ಧತಿ ಒಪ್ಪಿಕೊಳ್ಳುವವರು ಹಂತ ದಾಟಿಸಿದ ಹೆಚ್ಚುವರಿ ಹಣವನ್ನು ಕೆಲವು ತಿಂಗಳು ಮುಟ್ಟದಿರುವುದು ಕ್ಷೇಮ.

ಒಪ್ಪಂದದಲ್ಲಿ ಇಲ್ಲಿ ಎರಡು ಮಾತು ಬೇಕು. ರದ್ದಾದರೆ ಎಷ್ಟು ದಿನದವರೆಗೆ ಹಣ ವಾಪಸ್ ಕೇಳಬಹುದು ಎಂಬುದಕ್ಕೆ ಗಡುವು ಒಂದು. ಇಲ್ಲದಿದ್ದರೆ ಎರಡು ವರ್ಷದ ಹಿಂದಿನ ಬುಕಿಂಗ್ ರದ್ದಾದಾಗಲೂ ಇವತ್ತಿನ ಕಮಿಷನ್‌ನಲ್ಲಿ ಕಡಿತ ಬೀಳುತ್ತದೆ. ರದ್ದತಿಗೆ ಬಿಲ್ಡರ್‌ನ ತಡ, ನಕ್ಷೆ ಬದಲಾವಣೆ ಅಥವಾ ದಾಖಲೆಯ ದೋಷ ಕಾರಣವಾದರೆ ಕಡಿತ ಇರಕೂಡದು ಎಂಬುದು ಇನ್ನೊಂದು. ಗಿರಾಕಿಯನ್ನು ತಂದು ಒಪ್ಪಿಸುವ ಕೆಲಸ ಬ್ರೋಕರ್ ಮುಗಿಸಿದ್ದಾನೆ, ನಂತರದ ತಪ್ಪಿಗೆ ಅವನು ದಂಡ ತೆರುವುದು ನ್ಯಾಯವಲ್ಲ.

ಒಬ್ಬನೇ ದುಡಿದು 4 ಕೋಟಿ ಮುಟ್ಟುವುದು ಕಷ್ಟ ಎಂದು ಸಣ್ಣ ಬ್ರೋಕರ್‌ಗಳು ದೊಡ್ಡ ಸಂಸ್ಥೆಯೊಂದರ ಹೆಸರಿನಲ್ಲಿ ಬುಕಿಂಗ್ ಹಾಕಿಸುವುದೂ ಇದೆ. ಎಲ್ಲರ ಮಾರಾಟ ಒಂದೇ ಖಾತೆಗೆ ಸೇರಿ ಮೇಲಿನ ಹಂತ ಬೇಗ ಸಿಗುತ್ತದೆ. ಆ ಏರಿಕೆಯ ಲಾಭ ಯಾರಿಗೆ ಎಂದು ಮೊದಲೇ ಮಾತಾಗದಿದ್ದರೆ ಸಣ್ಣವನಿಗೆ ಸಿಗುವುದು ಅದೇ ಎರಡು ಪರ್ಸೆಂಟ್. ಮತ್ತೊಂದು ವಿಷಯ: ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನಲ್ಲಿ ಮಾರಾಟಕ್ಕೆ ನೆರವಾಗುವ ಏಜೆಂಟ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತಾನೂ ನೋಂದಣಿ ಮಾಡಿಸಿರಬೇಕು, ತಾನು ಮಾಡಿಸಿದ ಪ್ರತಿ ಮಾರಾಟದಲ್ಲೂ ಆ ಸಂಖ್ಯೆಯನ್ನು ನಮೂದಿಸಬೇಕು. ಹಾಗಾಗಿ ಬೇರೆಯವರ ಖಾತೆಯ ಮರೆಯಲ್ಲಿದ್ದೇನೆ, ನನಗೇಕೆ ನೋಂದಣಿ ಎಂಬ ವಾದ ನಿಲ್ಲುವುದಿಲ್ಲ. ನೋಂದಣಿ ಇಲ್ಲದವನು ಬಾಕಿ ಕಮಿಷನ್‌ಗೆ ದನಿ ಎತ್ತುವುದೂ ಕಷ್ಟ.

ಕೊನೆಗೆ ಕೈಗೆ ಬರುವ ಮೊತ್ತ. ಬ್ರೋಕರ್ ಜಿಎಸ್‌ಟಿ ನೋಂದಣಿ ಹೊಂದಿದ್ದರೆ 9,90,000ದ ಮೇಲೆ ಶೇ. 18, ಅಂದರೆ 1,78,200 ಸೇರಿಸಿ ಬಿಲ್ ಹಾಕಬೇಕು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಈ ನೋಂದಣಿ ಕಡ್ಡಾಯ. ಇಲ್ಲಿ ವಹಿವಾಟು ಅಂದರೆ ಮಾರಿಸಿದ ಫ್ಲ್ಯಾಟಿನ ಬೆಲೆಯಲ್ಲ, ಗಳಿಸಿದ ಕಮಿಷನ್. ಬಿಲ್ಡರ್ ಟಿಡಿಎಸ್ ಹಿಡಿಯುತ್ತಾನೆ. ಕಮಿಷನ್ ಮೇಲಿನ ಈ ಕಡಿತ 2024ರ ಅಕ್ಟೋಬರ್ 1ರಿಂದ ಶೇ. 5ರ ಬದಲು ಶೇ. 2ಕ್ಕೆ ಇಳಿದಿದೆ. ಬಿಲ್‌ನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಟಿಡಿಎಸ್ 9,90,000ಕ್ಕೆ ಮಾತ್ರ, ಅಂದರೆ 19,800. ಖಾತೆಗೆ ಬರಬೇಕಾದ್ದು 11,48,400. ಅದರಲ್ಲಿ 1,78,200 ಸರ್ಕಾರದ ಹಣ ಎಂಬುದನ್ನು ಮರೆತು ಖರ್ಚು ಮಾಡಿದವರಿಗೆ ರಿಟರ್ನ್ ಸಲ್ಲಿಸುವ ದಿನ ನೆನಪಾಗುತ್ತದೆ.

ಒಪ್ಪಂದದಲ್ಲಿ "ಜಿಎಸ್‌ಟಿ ಒಳಗೊಂಡಂತೆ" ಎಂಬ ಎರಡು ಪದ ಸೇರಿದ್ದರೆ ಕತೆ ಬದಲಾಗುತ್ತದೆ. ಆಗ 9,90,000ದ ಒಳಗೇ ತೆರಿಗೆ ಅಡಗಿರುತ್ತದೆ, 1.18ರಿಂದ ಭಾಗಿಸಿದರೆ ನಿಜವಾದ ಕಮಿಷನ್ 8,38,983. ಒಂದೂವರೆ ಲಕ್ಷ ಅಲ್ಲಿಗೇ ಕರಗಿತು. ಮೇಲಿನ ಹಂತಕ್ಕೆ ಹತ್ತಲು ಪಟ್ಟ ಪಾಡಿನ ಲಾಭವೆಲ್ಲ ಇದರಲ್ಲೇ ಹೋಗುತ್ತದೆ. ನೋಡಿ, ಐದೂ ಫ್ಲ್ಯಾಟಿಗೆ ಬರೀ ಶೇ. 2 ಹಾಕಿ ಜಿಎಸ್‌ಟಿ ಹೊರಗಿಟ್ಟಿದ್ದರೂ 8,60,000 ಬರುತ್ತಿತ್ತು.

ರದ್ದಾದ ಬುಕಿಂಗ್‌ನ 2,27,500ಕ್ಕೂ ಬ್ರೋಕರ್ ಈಗಾಗಲೇ 40,950 ಜಿಎಸ್‌ಟಿ ಕಟ್ಟಿರುತ್ತಾನೆ. ಅದು ತಾನಾಗಿ ಹಿಂದಿರುಗುವುದಿಲ್ಲ. ಮೂಲ ಬಿಲ್‌ನ ಸಂಖ್ಯೆ ನಮೂದಿಸಿ ಬಿಲ್ಡರ್ ಹೆಸರಿಗೆ ಕ್ರೆಡಿಟ್ ನೋಟ್ ಹೊರಡಿಸಿ, ಬಿಲ್ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ಅದನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಬಿಲ್ಡರ್ ಮುಂದಿನ ಬಿಲ್‌ನಲ್ಲಿ ಹಣ ಹಿಡಿದುಕೊಳ್ಳುತ್ತೇನೆಂದರೂ ಕ್ರೆಡಿಟ್ ನೋಟ್ ಬೇಕೇ ಬೇಕು. ಬರೀ ಹಣ ಹೊಂದಾಣಿಕೆ ಮಾಡಿಕೊಂಡು ಸುಮ್ಮನಿದ್ದರೆ ಗಳಿಸದ ಕಮಿಷನ್‌ಗೆ ತೆರಿಗೆ ಕಟ್ಟಿದ ಹಾಗೇ ಉಳಿಯುತ್ತದೆ.